ಬಿಲ್ಲಿನ ಹಾಳೆ ಬದಲಾಗಬಹುದು, ಕೊಟ್ಟ ಬಿಲ್ಲು ಬದಲಾಗಬಾರದು

ತೋಟದ ಬೆಳೆಯನ್ನು ಹಾಗೆಯೇ ಮಾರುವ ಬೆಳೆಗಾರರಿಗೆ ಜಿ.ಎಸ್.ಟಿ. ನೋಂದಣಿಯ ಗೊಡವೆ ಇಲ್ಲ. ಆದರೆ ಕಾಫಿಯನ್ನು ಹುರಿದು, ಪುಡಿ ಮಾಡಿ, ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ಮಳಿಗೆ ಇಟ್ಟು ಮಾರುವ ಬೆಳೆಗಾರ ಬಂಧುಗಳು ಈಗ ಹಲವರಿದ್ದಾರೆ. ನೋಂದಣಿ ಪಡೆದ ಮೇಲೆ ಅವರು ಸಾಮಾನ್ಯವಾಗಿ ಮಾರಾಟಕ್ಕೆ ತೆರಿಗೆ ಬಿಲ್ಲು ಕೊಡಬೇಕು. ಬಿಲ್ಲಿಗಾಗಿ ಹಣ ತೆತ್ತು ತಂತ್ರಾಂಶ ಕೊಳ್ಳುವ ಬದಲು ಎಕ್ಸೆಲ್ ಹಾಳೆಯಲ್ಲೇ ಕೆಲಸ ಸಾಗಿಸಬಹುದು. ಆದರೆ ಒಂದು ಮಾತನ್ನು ಮೊದಲೇ ಅರಿತಿರಬೇಕು. ಹಾಳೆಯಲ್ಲಿರುವ ಸೂತ್ರ ಪ್ರತಿಸಲ ತೆರೆದಾಗಲೂ ಹೊಸದಾಗಿ ಲೆಕ್ಕ ಹಾಕುತ್ತದೆ. ಗಿರಾಕಿಯ ಕೈಸೇರಿದ ಬಿಲ್ಲಾದರೋ ಎಂದೆಂದಿಗೂ ಹಾಗೆಯೇ ಇರತಕ್ಕದ್ದು. ಈ ಎರಡಕ್ಕೂ ಹೊಂದಿಕೆ ಮಾಡುವುದೇ ಈ ಹಾಳೆಯ ಮುಖ್ಯ ಕೆಲಸ.

ಒಂದು ಉದಾಹರಣೆಯಿಂದ ನೋಡೋಣ. ಯಲಹಂಕದ ಮಳಿಗೆಯೊಂದು 2025ರ ಆಗಸ್ಟ್ 20ರಂದು ಆರ್.ಟಿ. ನಗರದ ಹೋಟೆಲಿಗೆ 20 ಕೆ.ಜಿ. ಕಾಫಿ ಪುಡಿಯನ್ನು ಕೆ.ಜಿ.ಗೆ 640 ರೂಪಾಯಿಯಂತೆ, 6 ಸ್ಟೀಲ್ ಫಿಲ್ಟರುಗಳನ್ನು ತಲಾ 450 ರೂಪಾಯಿಯಂತೆ, ಒಂದು ವಿದ್ಯುತ್ ಗ್ರೈಂಡರನ್ನು 5,600 ರೂಪಾಯಿಗೆ ಮಾರಿತೆನ್ನೋಣ. ಸರಕಿನ ಬೆಲೆ ಒಟ್ಟು 21,100 ರೂಪಾಯಿ. ಪುಡಿಗೆ ಶೇಕಡ 5ರಂತೆ 640, ಫಿಲ್ಟರಿಗೆ ಆಗ ಇದ್ದ ಶೇಕಡ 12ರಂತೆ 324, ಗ್ರೈಂಡರಿಗೆ ಶೇಕಡ 18ರಂತೆ 1,008, ಅಂತೂ 1,972 ರೂಪಾಯಿ ತೆರಿಗೆ. ಬಿಲ್ಲಿನ ಮೊತ್ತ 23,072 ರೂಪಾಯಿ. ಮಾರಿದವರೂ ಕೊಂಡವರೂ ಕರ್ನಾಟಕದಲ್ಲೇ ಇರುವುದರಿಂದ ತೆರಿಗೆ ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ. ಅದೇ ಸರಕನ್ನು ಹಿಂದೂಪುರದ ಅಂಗಡಿಗೆ ಕಳುಹಿಸಿದ್ದರೆ ಪೂರ್ತಿ ತೆರಿಗೆಯನ್ನು ಐ.ಜಿ.ಎಸ್.ಟಿ. ಎಂದು ಒಂದೇ ಸಾಲಿನಲ್ಲಿ ತೋರಿಸಬೇಕಾಗಿತ್ತು.

2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ಹಂತಗಳು ಬದಲಾದವು. ಸ್ಟೀಲ್ ಫಿಲ್ಟರು ಶೇಕಡ 12ರಿಂದ 5ಕ್ಕೆ ಇಳಿಯಿತು. ಮಳಿಗೆಯವರು ಸರಕಿನ ಪಟ್ಟಿಯಲ್ಲಿ 12ನ್ನು ಅಳಿಸಿ 5 ಎಂದು ಬರೆದರು. ಆ ಮೇಲೆ ಆಗಸ್ಟಿನ ಬಿಲ್ಲನ್ನು ತೆರೆದರೆ ಅದರಲ್ಲಿ ತೆರಿಗೆ 1,783, ಮೊತ್ತ 22,883 ಎಂದು ಬರುತ್ತದೆ! ಹೋಟೆಲಿನವರ ಬಳಿಯ ಕಾಗದದಲ್ಲಿ 1,972 ಇದೆ. ಅವರು ಪಡೆದ ತೆರಿಗೆ ಜಮೆಯೂ ಅಷ್ಟೇ. ಈ 189 ರೂಪಾಯಿಯ ವ್ಯತ್ಯಾಸವೇ ಮುಂದೆ ಇಲಾಖೆಯ ನೋಟೀಸಿಗೆ ದಾರಿಯಾಗಬಹುದು.

ಇದಕ್ಕೆ ಪರಿಹಾರ ಹೀಗಿದೆ. Items ಎಂಬ ಹಾಳೆಯಲ್ಲಿ ಸರಕಿನ ಹೆಸರು, ಎಚ್.ಎಸ್.ಎನ್. ಸಂಖ್ಯೆ, ಬೆಲೆ, ಹಳೆಯ ತೆರಿಗೆ ದರ, ಹೊಸ ತೆರಿಗೆ ದರ ಎಂದು ಐದು ಕಂಬಸಾಲುಗಳನ್ನು ಮಾಡಿಕೊಳ್ಳಿ. ಬಿಲ್ಲಿನ ಹಾಳೆಯಲ್ಲಿ ಸರಕಿನ ಮನೆಗೆ Data Validation ಮೂಲಕ List ಕೊಟ್ಟು ಇದೇ ಹೆಸರುಗಳನ್ನು ಜೋಡಿಸಿದರೆ ಅಲ್ಲಿ ಇಳಿಪಟ್ಟಿ ಬರುತ್ತದೆ. ಕೈಯಿಂದ ಬರೆದಾಗ ಆಗುವ ಅಕ್ಷರ ತಪ್ಪಿಗೆ ಆಸ್ಪದವಿರದು. ತೆರಿಗೆ ದರದ ಮನೆಯಲ್ಲಿ ಈ ಸೂತ್ರವಿರಲಿ:

```
=VLOOKUP(B12,Items!$A$2:$E$40,
 IF($F$4<DATE(2025,9,22),4,5),FALSE)
```

ಇಲ್ಲಿ B12 ಸರಕಿನ ಹೆಸರು, F4 ಬಿಲ್ಲಿನ ದಿನಾಂಕ. ಕೊನೆಯ FALSE ಬಿಟ್ಟರೆ ಹೆಸರು ಸರಿಯಾಗಿ ಸಿಗದಾಗ ಹಾಳೆ ಹತ್ತಿರದ ಬೇರೆ ಸರಕಿನ ದರವನ್ನು ಸದ್ದಿಲ್ಲದೆ ಕೊಟ್ಟುಬಿಡುತ್ತದೆ. ದಿನಾಂಕವನ್ನು ಕೈಯಿಂದಲೇ ಬರೆಯತಕ್ಕದ್ದು. ಅಲ್ಲಿ =TODAY() ಎಂದು ಇಟ್ಟರೆ ಹಳೆಯ ಬಿಲ್ಲು ತೆರೆದ ದಿನದ ತಾರೀಖನ್ನೇ ತೋರಿಸುತ್ತದೆ, ಅದರ ಬೆನ್ನಿಗೇ ದರವೂ ಬದಲಾಗುತ್ತದೆ.

ಇನ್ನು ಬಿಲ್ಲಿನ ಸಂಖ್ಯೆ. ಜಿ.ಎಸ್.ಟಿ. ನಿಯಮ 46ರ ಪ್ರಕಾರ ಸಂಖ್ಯೆ ಕ್ರಮವಾಗಿ ಸಾಗಬೇಕು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು, 16 ಅಕ್ಷರ ಮೀರಬಾರದು. YELAHANKA/2025-26/0001 ಎಂದರೆ 22 ಅಕ್ಷರವಾಗಿ ನಿಯಮ ಮೀರುತ್ತದೆ. YLK/25-26/0001 ಎಂದರೆ 14ರಲ್ಲೇ ಮುಗಿಯುತ್ತದೆ. Register ಎಂಬ ಮೂರನೆಯ ಹಾಳೆಯ ಮೊದಲ ಕಂಬಸಾಲಿನಲ್ಲಿ 1, 2, 3 ಎಂದು ಅಂಕಿಗಳಷ್ಟೇ ಇರಲಿ. ಮುಂದಿನ ಸಂಖ್ಯೆ ತಾನಾಗಿ ಬರಲು:

```
="YLK/25-26/"&TEXT(MAX(Register!A:A)+1,"0000")
```

ಕೆಲಸದ ಅನುಕ್ರಮವೂ ಮುಖ್ಯ. ಮೊದಲು ಬಿಲ್ಲನ್ನು ಪಿ.ಡಿ.ಎಫ್. ಮಾಡಿ ಇಟ್ಟುಕೊಳ್ಳಿ. ಆ ಬಳಿಕ ಸಂಖ್ಯೆ, ದಿನಾಂಕ, ಗಿರಾಕಿ, ದರವಾರು ಬೆಲೆ, ತೆರಿಗೆ, ಮೊತ್ತ ಇವುಗಳನ್ನು Paste Special, Values ಎಂದು Register ಹಾಳೆಗೆ ಇಳಿಸಿ. ಮೊದಲೇ ಇಳಿಸಿದರೆ ಬಿಲ್ಲಿನ ಮೇಲಿನ ಸಂಖ್ಯೆ ಮುಂದಕ್ಕೆ ಜಿಗಿಯುತ್ತದೆ. Values ಎಂದು ಇಳಿಸಿದ್ದರಲ್ಲಿ ಸೂತ್ರ ಉಳಿಯದು, ಬರಿಯ ಅಂಕಿ ಉಳಿಯುತ್ತದೆ. ಹಳೆಯ ಲೆಕ್ಕ ಬೇಕಾದಾಗ ನೋಡಬೇಕಾದುದು ಇದನ್ನೇ.

ಬಿಲ್ಲು ರದ್ದಾದರೆ ಸಾಲನ್ನು ಅಳಿಸಬೇಡಿ. ಸಂಖ್ಯೆಯನ್ನು ಉಳಿಸಿ ಮುಂದೆ ‘ರದ್ದು’ ಎಂದು ಬರೆಯಿರಿ. ಜಿ.ಎಸ್.ಟಿ.ಆರ್.-1 ವಿವರಣೆಯ 13ನೆಯ ಕೋಷ್ಟಕದಲ್ಲಿ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಬಿಲ್ಲು ಆಯಿತು, ಎಷ್ಟು ರದ್ದಾದವು ಎಂದು ಕೇಳುತ್ತಾರೆ. ತಿಂಗಳ ಕೊನೆಯಲ್ಲಿ ಈ ಸೂತ್ರದಿಂದ ಪರೀಕ್ಷಿಸಿ:

```
=MAX(Register!A2:A2000)-COUNT(Register!A2:A2000)
```

ಉತ್ತರ 0 ಬರಬೇಕು. 1 ಬಂದರೆ ಒಂದು ಸಂಖ್ಯೆ ತಪ್ಪಿಹೋಗಿದೆ, -1 ಬಂದರೆ ಒಂದು ಸಂಖ್ಯೆ ಎರಡು ಸಲ ಬಂದಿದೆ. ಹೆಬ್ಬಾಳದಲ್ಲೂ ಮಳಿಗೆ ಇದ್ದು ಅಲ್ಲಿ ಬೇರೆ ಕಂಪ್ಯೂಟರಿನಲ್ಲಿ ಬಿಲ್ಲು ಮಾಡುವುದಾದರೆ HBL ಎಂದು ಬೇರೆ ಸರಣಿಯನ್ನೂ ಬೇರೆ Register ಹಾಳೆಯನ್ನೂ ಇಡುವುದು ಲೇಸು. ಒಂದಕ್ಕಿಂತ ಹೆಚ್ಚು ಸರಣಿಗೆ ನಿಯಮದಲ್ಲಿ ಅವಕಾಶವಿದೆ. ಏಪ್ರಿಲ್ 1ಕ್ಕೆ ಹೊಸ ವರ್ಷದ ಹಾಳೆ ತೆರೆಯಬೇಕು.

ಕೊನೆಯದಾಗಿ, ಅಕ್ಷರದಲ್ಲಿ ಮೊತ್ತ. ಇದನ್ನು ನಿಯಮ 46 ಕೇಳುವುದಿಲ್ಲ. ಆದರೂ ಅಂಕಿ ತಿದ್ದಿದರೆ ತಿಳಿಯಲೆಂದು ವ್ಯಾಪಾರಿಗಳು ಈ ರೂಢಿ ಬಿಟ್ಟಿಲ್ಲ. ಲಕ್ಷ, ಸಾವಿರ ಎಂದು ಕನ್ನಡದಲ್ಲಿ ಬರೆದುಕೊಡುವ ಸೂತ್ರ ಎಕ್ಸೆಲಿನಲ್ಲಿ ಇಲ್ಲ. ಮೊತ್ತವನ್ನು ROUND ಮಾಡಿ ಪೂರ್ಣ ರೂಪಾಯಿಗೆ ತಂದು H30ರಲ್ಲಿಟ್ಟು, ನಾಲ್ಕು ಮನೆಗಳಲ್ಲಿ ಒಡೆಯಬೇಕು:

```
=INT(H30/100000)
=INT(MOD(H30,100000)/1000)
=INT(MOD(H30,1000)/100)
=MOD(H30,100)
```

22,883ಕ್ಕೆ ಇವು 0, 22, 8, 83 ಎಂದು ಬರುತ್ತವೆ. ಕನ್ನಡದಲ್ಲಿ ಒಂದರಿಂದ ತೊಂಬತ್ತೊಂಬತ್ತರವರೆಗೆ ಪದಗಳು ಸಂಧಿಯಾಗಿ ರೂಪ ಬದಲಿಸುವುದರಿಂದ ಅವನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟು VLOOKUPನಿಂದ ತರಬೇಕು. ನೂರರ ಸ್ಥಾನಕ್ಕೆ ಬೇರೆ ಪಟ್ಟಿ ಬೇಕು, ಅದರಲ್ಲಿ ಎರಡು ರೂಪಗಳು: ಮುಂದೆ ಏನೂ ಇಲ್ಲದಿದ್ದರೆ ‘ಎಂಟುನೂರು’, ಇದ್ದರೆ ‘ಎಂಟುನೂರ’. ಹಾಗೆಯೇ ‘ಸಾವಿರ’, ‘ಸಾವಿರದ’. ಆಗ ‘ಇಪ್ಪತ್ತೆರಡು ಸಾವಿರದ ಎಂಟುನೂರ ಎಂಬತ್ತಮೂರು ರೂಪಾಯಿ ಮಾತ್ರ’ ಎಂದು ಸರಿಯಾಗಿ ಬರುತ್ತದೆ. ನೂರರ ಸ್ಥಾನದಲ್ಲಿ ಸೊನ್ನೆ ಇರುವ 23,072ನ್ನೂ ಒಮ್ಮೆ ಹಾಕಿ ನೋಡಿ. ‘ಇಪ್ಪತ್ತಮೂರು ಸಾವಿರದ ಎಪ್ಪತ್ತೆರಡು’ ಎಂದು ಬಂದರೆ ಪಟ್ಟಿ ಸರಿಯಾಗಿದೆ.

ಹಾಳೆಯನ್ನು ಬಳಕೆಗೆ ತರುವ ಮುನ್ನ ಅದರಲ್ಲಿ 20-8-2025 ಎಂದೂ 10-10-2025 ಎಂದೂ ದಿನಾಂಕ ಬರೆದು ಒಂದೇ ಸ್ಟೀಲ್ ಫಿಲ್ಟರಿಗೆ ದರ ನೋಡಿರಿ. ಮೊದಲನೆಯದಕ್ಕೆ 12, ಎರಡನೆಯದಕ್ಕೆ 5 ಬರಬೇಕು. ಎರಡಕ್ಕೂ ಒಂದೇ ದರ ಬಂದರೆ ಆ ಹಾಳೆಯಿಂದ ಬಿಲ್ಲು ಕೊಡಬೇಡಿ.