ಮಾತಿನ ವಿಡಿಯೊ: ಝೂಮ್ ಎಲ್ಲಿ, ಸದ್ದೆಲ್ಲಿ, ಅಕ್ಷರವೆಲ್ಲಿ?

ನಿವೃತ್ತ ಕೃಷಿ ಅಧಿಕಾರಿಯೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಕೂತು, ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವ ಬಗೆಯನ್ನು ಮೊಬೈಲಿಗೆ ಹೇಳಿದ್ದಾರೆ. ವಿಡಿಯೊ 6 ನಿಮಿಷ 40 ಸೆಕೆಂಡ್ ಇದೆ. ದನಿ ಸ್ಪಷ್ಟವಾಗಿದೆ, ಬೆಳಕು ಚೆನ್ನಾಗಿದೆ, ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೂ ಅದೇ ಮುಖ, ಅದೇ ಗೋಡೆ, ಅದೇ ಅಳತೆಯ ಚೌಕಟ್ಟು. ಇಂಥ ವಿಡಿಯೊವನ್ನು ರೈತರು ಪೂರ್ತಿ ನೋಡುವಂತೆ ಮಾಡಲು ಎಡಿಟರ್‌ಗಳು ಹಿಡಿಯುವ ದಾರಿಗೆ ಪ್ಯಾಟರ್ನ್ ಇಂಟರಪ್ಟ್ ಎನ್ನುತ್ತಾರೆ. ಕಣ್ಣಿಗೂ ಕಿವಿಗೂ ಒಗ್ಗಿಹೋದ ಏಕತಾನವನ್ನು ಒಂದು ಝೂಮ್, ಒಂದು ಸದ್ದು ಅಥವಾ ತೆರೆಯ ಮೇಲೆ ಪುಟಿದೇಳುವ ಅಕ್ಷರದಿಂದ ಮುರಿಯುವುದು ಇದರ ಕೆಲಸ.

ಇದು ಕೆಲಸ ಮಾಡುವುದು ನಮ್ಮ ಮೈಯಲ್ಲೇ ಇರುವ ಒಂದು ಗುಣದಿಂದ. ಸುತ್ತಲಲ್ಲಿ ಏನಾದರೂ ದಿಢೀರನೆ ಬದಲಾದರೆ ಯೋಚಿಸುವ ಮೊದಲೇ ಗಮನ ಅತ್ತ ತಿರುಗುತ್ತದೆ. ನಾಯಿಗಳ ಮೇಲಿನ ಪ್ರಯೋಗಗಳಿಂದ ಹೆಸರಾದ ರಷ್ಯಾದ ವಿಜ್ಞಾನಿ ಪಾವ್ಲೊವ್ ಇದನ್ನು ‘ಏನದು?’ ಎನ್ನುವ ಪ್ರತಿಕ್ರಿಯೆ ಎಂದು ಕರೆದಿದ್ದರು. ಅವರ ನಂತರ ಸೊಕೊಲೊವ್ ಎಂಬ ಇನ್ನೊಬ್ಬ ವಿಜ್ಞಾನಿ ಈ ಪ್ರತಿಕ್ರಿಯೆಯ ಮತ್ತೊಂದು ಮುಖವನ್ನು ಆಳವಾಗಿ ಅಧ್ಯಯನ ಮಾಡಿದರು: ಅದೇ ಪ್ರಚೋದನೆ ಮತ್ತೆ ಮತ್ತೆ ಬಂದರೆ ಮೈ ಅದಕ್ಕೆ ಒಗ್ಗಿಕೊಂಡು ಸುಮ್ಮನಾಗುತ್ತದೆ. ಎಡಿಟಿಂಗ್‌ಗೆ ಬೇಕಾದ ಪಾಠ ಎರಡೂ ಕಡೆ ಇದೆ. ಬದಲಾವಣೆಯೇ ಇಲ್ಲದ ಆರು ನಿಮಿಷಕ್ಕೆ ನೋಡುಗ ಒಗ್ಗಿಹೋಗುತ್ತಾನೆ. ಐದು ಸೆಕೆಂಡಿಗೊಮ್ಮೆ ತಪ್ಪದೆ ಬರುವ ‘ವೂಶ್’ ಸದ್ದಿಗೂ ಹಾಗೆಯೇ ಒಗ್ಗಿಹೋಗುತ್ತಾನೆ.

ಹಾಗಾಗಿ ಎಫೆಕ್ಟ್ ಹಾಕುವ ಮೊದಲು ಕತ್ತರಿಸಬೇಕು. ಜಗಲಿಯ ವಿಡಿಯೊದಲ್ಲಿ ನಮಸ್ಕಾರ, ಸ್ವಾಗತ, ಚಾನೆಲ್ ಪರಿಚಯ, ಮಣ್ಣಿನ ಮಹತ್ವ ಇಷ್ಟಕ್ಕೇ ಮುಕ್ಕಾಲು ನಿಮಿಷ ಹೋಗಿತ್ತು. ‘ತಪ್ಪು ಜಾಗದ ಮಣ್ಣು ಕೊಟ್ಟರೆ ಲ್ಯಾಬಿನ ರಿಪೋರ್ಟೂ ತಪ್ಪೇ ಬರುತ್ತೆ’ ಎಂಬ ಒಳ್ಳೆಯ ಮಾತು ಅದಾದ ಮೇಲೆ ಎಲ್ಲೋ ಇತ್ತು. ಅದನ್ನು ಎತ್ತಿ ಮೊದಲಿಗಿಟ್ಟು, ನಮಸ್ಕಾರವನ್ನು ಅದರ ಹಿಂದೆ ಹಾಕಿದ್ದಾಯಿತು. ಆಮೇಲೆ ಎರಡು ಸಲ ಹೇಳಿದ ಮಾತು, ‘ಅಂದ್ರೆ ಏನಪ್ಪಾ ಅಂದ್ರೆ’ಗಳು, ಕೆಮ್ಮು, ಉದ್ದನೆಯ ಮೌನಗಳನ್ನು ತೆಗೆದರೆ ಉಳಿದದ್ದು 4 ನಿಮಿಷ 50 ಸೆಕೆಂಡ್. ನೀರಸ ವಿಡಿಯೊಗೆ ಬೇಕಾದ ಚಿಕಿತ್ಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಮುಗಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲ ಮೌನವನ್ನೂ ಕಿತ್ತುಹಾಕಬಾರದು, ಅಷ್ಟೆ. ಒಂದು ಗಟ್ಟಿ ಮಾತಿನ ನಂತರ ಅವರು ಸಹಜವಾಗಿ ತೆಗೆದುಕೊಂಡ ಉಸಿರನ್ನು ಬಿಟ್ಟರೆ, ನೋಡುಗನಿಗೆ ಆ ಮಾತನ್ನು ಒಳಗೆಳೆದುಕೊಳ್ಳಲು ಹೊತ್ತು ಸಿಗುತ್ತದೆ.

ಕತ್ತರಿಸಿದಲ್ಲೆಲ್ಲ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪಕ್ಕನೆ ಜಿಗಿಯುತ್ತದೆ. ಇದು ಜಂಪ್ ಕಟ್. ಝೂಮ್ ಮೊದಲು ನೆರವಿಗೆ ಬರುವುದು ಇಲ್ಲಿ. ಕಟ್ ಆದ ನಂತರದ ತುಣುಕನ್ನು ಶೇಕಡಾ 115ರಿಂದ 120ಕ್ಕೆ ಹಿಗ್ಗಿಸಿದರೆ, ಇನ್ನೊಂದು ಕ್ಯಾಮೆರಾ ಹತ್ತಿರದಿಂದ ತೆಗೆದಂತೆ ಕಂಡು ಜಿಗಿತ ಮರೆಯಾಗುತ್ತದೆ. ಬರೀ 103 ಇಟ್ಟರೆ ಬದಲಾವಣೆ ಎನಿಸುವುದಿಲ್ಲ, ಏನೋ ಎಡವಟ್ಟಾಗಿದೆ ಎನಿಸುತ್ತದೆ. ಹಿಗ್ಗಿಸುವಾಗ ಕಣ್ಣುಗಳು ತೆರೆಯಲ್ಲಿ ಮೊದಲಿದ್ದ ಎತ್ತರದಲ್ಲೇ ಇರಬೇಕು. ಸಾಫ್ಟ್‌ವೇರ್ ಸಾಮಾನ್ಯವಾಗಿ ಚೌಕಟ್ಟಿನ ನಡುಮಧ್ಯದಿಂದ ಹಿಗ್ಗಿಸುವುದರಿಂದ ಹಣೆ ಮೇಲಕ್ಕೆ ಸರಿದು ಕತ್ತರಿಸಿಹೋಗುತ್ತದೆ. ಚಿತ್ರವನ್ನು ಸ್ವಲ್ಪ ಕೆಳಕ್ಕೆ ಎಳೆದು ಕೂರಿಸಬೇಕು. ಮೂಲವನ್ನು 4ಕೆಯಲ್ಲಿ ತೆಗೆದು 1080ರ ಟೈಮ್‌ಲೈನ್‌ನಲ್ಲಿ ಎಡಿಟ್ ಮಾಡಿದರೆ ಎರಡು ಪಟ್ಟು ಹಿಗ್ಗಿಸಿದರೂ ಚಿತ್ರ ಮಸುಕಾಗುವುದಿಲ್ಲ. ಮೂಲವೇ 1080 ಆಗಿದ್ದರೆ 120ರ ಆಸುಪಾಸಿಗೆ ನಿಲ್ಲಿಸುವುದು ಕ್ಷೇಮ.

ಇನ್ನೊಂದು ಬಗೆಯ ಝೂಮ್ ನಿಧಾನದ್ದು. ಎಂಟು ಹತ್ತು ಸೆಕೆಂಡಿನಲ್ಲಿ 100ರಿಂದ 108ಕ್ಕೆ ಗೊತ್ತೇ ಆಗದಂತೆ ಹತ್ತಿರವಾಗುವುದು. ಡಾವಿಂಚಿ ರಿಸಾಲ್ವ್, ಕೈನ್‌ಮಾಸ್ಟರ್ ತರಹದವುಗಳಲ್ಲಿ ತುಣುಕಿನ ಆರಂಭಕ್ಕೊಂದು, ಕೊನೆಗೊಂದು ಕೀಫ್ರೇಮ್ ಇಟ್ಟರೆ ಸಾಕು. ಮಾತು ಒಂದು ಘಟನೆಯನ್ನು ಹೇಳುತ್ತಿದ್ದರೆ ಇದು ಒಪ್ಪುತ್ತದೆ. ಪಕ್ಕನೆ ಬರುವ ಝೂಮ್ ಒಪ್ಪುವುದು ತಿರುವಿಗೆ, ‘ಆದರೆ’ ಎಂದು ಶುರುವಾಗುವ ವಾಕ್ಯಕ್ಕೆ. ಅದನ್ನು ಪದದ ನಡುವೆ ಇಡದೆ, ಒತ್ತು ಬೀಳುವ ಪದದ ಮೊದಲ ಅಕ್ಷರಕ್ಕೆ ಸರಿಯಾಗಿ ಇಡಬೇಕು.

ಅಕ್ಷರದ ವಿಷಯದಲ್ಲಿ ಆಗುವ ಅತಿ ದೊಡ್ಡ ತಪ್ಪೆಂದರೆ ಆಡಿದ ಮಾತನ್ನೆಲ್ಲ ತೆರೆಯ ಮೇಲೂ ಬರೆಯುವುದು. ಕಲಿಕೆಯ ಮೇಲೆ ದಶಕಗಳ ಕಾಲ ಪ್ರಯೋಗ ನಡೆಸಿದ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ತೋರಿಸಿದ್ದು ಇದನ್ನೇ: ಚಿತ್ರ ಮತ್ತು ದನಿ ಇರುವಲ್ಲಿ ಅದೇ ಮಾತನ್ನು ಪೂರ್ತಿ ಅಕ್ಷರದಲ್ಲೂ ಸೇರಿಸಿದರೆ ಕಲಿಕೆಗೆ ನೆರವಾಗುವ ಬದಲು ಸಾಮಾನ್ಯವಾಗಿ ಅಡ್ಡಿಯಾಗುತ್ತದೆ. ಕೇಳಿಸಿಕೊಳ್ಳಲು ಕಷ್ಟವಿರುವವರಿಗೆ, ಸದ್ದಿಲ್ಲದೆ ನೋಡುವವರಿಗೆ ಸಬ್‌ಟೈಟಲ್ ಬೇಕೇ ಬೇಕು. ಬೇಡದವರು ಅದನ್ನು ಆರಿಸಿಕೊಳ್ಳಬಹುದು. ಪುಟಿದೇಳುವ ಅಕ್ಷರಕ್ಕೆ ಇರುವುದು ಬೇರೆ ಕೆಲಸ. ನೋಡುಗ ಬರೆದಿಟ್ಟುಕೊಳ್ಳಬೇಕಾದ ಅಂಕಿ, ಹೆಸರು, ಅಳತೆ ಮಾತ್ರ ಅಲ್ಲಿ ಬರಬೇಕು, ಹೆಚ್ಚೆಂದರೆ ಮೂರು ಪದ. ಬಾಯಲ್ಲಿ ಪದ ಬಂದ ಕ್ಷಣಕ್ಕೆ ಅಥವಾ ಕೂದಲೆಳೆಯಷ್ಟು ತಡವಾಗಿ ಮೂಡಬೇಕು. ಮೊದಲೇ ಮೂಡಿದರೆ ಅವರು ಹೇಳುವುದಕ್ಕಿಂತ ಮುಂಚೆಯೇ ನೋಡುಗ ಓದಿ ಮುಗಿಸಿರುತ್ತಾನೆ. ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಉಳಿಯಬೇಕು.

ಕನ್ನಡಕ್ಕೆ ಇಲ್ಲೊಂದು ವಿಶೇಷ ತೊಡಕಿದೆ. ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದು, ಒತ್ತು ಪಕ್ಕದಲ್ಲಿ ಬಂದು ಕೂರುತ್ತದೆ. ಇನ್ನು ಕೆಲವದರಲ್ಲಿ ಅಕ್ಷರದ ಹಿಂದೆ ಹಾಕಿದ ಬಣ್ಣದ ಪಟ್ಟಿ ಒತ್ತಿನ ಕೆಳತುದಿಯನ್ನು ಕತ್ತರಿಸುತ್ತದೆ. ಅಡೋಬಿ ಪ್ರೀಮಿಯರ್‌ನಲ್ಲಾದರೆ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಮಾಡಿಕೊಳ್ಳಬೇಕು. ಬೇರೆಲ್ಲೂ ಸರಿಯಾಗದಿದ್ದರೆ, ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮದಂಥ ಯೂನಿಕೋಡ್ ಫಾಂಟಿನಲ್ಲಿ ಪದವನ್ನು ಹಿನ್ನೆಲೆಯಿಲ್ಲದ ಚಿತ್ರವಾಗಿ ಮಾಡಿಕೊಂಡು ತಂದು ಇಡಬೇಕು.

ಸದ್ದು ಮೂರರಲ್ಲಿ ಅತಿ ಬಲವಾದದ್ದು. ಕಣ್ಣು ಬೇರೆಡೆ ಹೋಗಿದ್ದರೂ ಕಿವಿ ತೆರೆದೇ ಇರುತ್ತದೆ. ಆ ಕಾರಣಕ್ಕೇ ಅದನ್ನು ಅತಿ ಕಡಿಮೆ ಬಳಸಬೇಕು. ಮಾತಿಗಿಂತ ಹತ್ತು ಹದಿನೈದು ಡೆಸಿಬೆಲ್ ಕೆಳಗಿಟ್ಟರೆ ಕೇಳಿಸುತ್ತದೆ, ಬೆಚ್ಚಿಬೀಳಿಸುವುದಿಲ್ಲ. ವೂಶ್ ಸದ್ದು ಏರುತ್ತಾ ಹೋಗಿ ಒಂದು ತುದಿ ಮುಟ್ಟುತ್ತದೆ. ಅನೇಕರು ಅದರ ಆರಂಭವನ್ನು ಕಟ್‌ಗೆ ಜೋಡಿಸಿಬಿಡುತ್ತಾರೆ, ಆಗ ಚಿತ್ರ ಬದಲಾದ ಮೇಲೆ ಸದ್ದು ಓಡಿಬಂದಂತಾಗುತ್ತದೆ. ಟೈಮ್‌ಲೈನ್‌ನಲ್ಲಿ ಸದ್ದಿನ ಅಲೆ ಕಾಣುತ್ತದೆ; ಅದರ ಅತಿ ಎತ್ತರದ ಜಾಗವನ್ನು ಕಟ್‌ನ ಗೆರೆಗೆ ತಂದು ನಿಲ್ಲಿಸಬೇಕು. ಮುಗಿದ ಮೇಲೆ ಇಯರ್‌ಫೋನ್‌ನಲ್ಲಿ ಒಮ್ಮೆ, ಮೊಬೈಲ್ ಸ್ಪೀಕರ್‌ನಲ್ಲಿ ಒಮ್ಮೆ ಕೇಳಲೇಬೇಕು. ವೂಶ್‌ನ ತಗ್ಗುದನಿ ಚಿಕ್ಕ ಸ್ಪೀಕರ್‌ನಲ್ಲಿ ಕರಗಿಹೋಗುತ್ತದೆ, ‘ಪಾಪ್’ ಮಾತ್ರ ಕಿವಿಗೆ ಚುಚ್ಚುತ್ತದೆ. ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿ ಇಂಥ ಸದ್ದುಗಳು ಉಚಿತವಾಗಿ ಸಿಗುತ್ತವೆ.

ಇನ್ನು ನಮ್ಮ ವಿಡಿಯೊದ ಒಂದು ಭಾಗವನ್ನೇ ನೋಡೋಣ. ಅಧಿಕಾರಿಗಳು ಹೇಳುತ್ತಾರೆ: ‘ಗೊಬ್ಬರ ಗುಡ್ಡೆ ಹಾಕಿದ್ದ ಜಾಗ, ಬದುವಿನ ಪಕ್ಕ, ಮರದ ಕೆಳಗೆ, ಇಲ್ಲೆಲ್ಲ ಮಣ್ಣು ತೆಗೀಬೇಡಿ. ತೆಗೆದ್ರೆ ರಿಪೋರ್ಟ್ ನಿಮ್ಮ ಹೊಲದ್ದಲ್ಲ, ಆ ಮೂಲೇದು.’ ಮೊದಲ ವಾಕ್ಯದಲ್ಲಿ ಅವರ ಮುಖ ಎಡಕ್ಕಿರಲಿ, ಬಲಗಡೆ ಮೂರು ಜಾಗದ ಹೆಸರು ಒಂದಾದ ಮೇಲೊಂದು, ಅವರು ಹೇಳಿದಂತೆ ಮೂಡಲಿ. ಪಾಪ್ ಸದ್ದು ಮೊದಲನೆಯದಕ್ಕೆ ಮಾತ್ರ. ಮೂರಕ್ಕೂ ಹಾಕಿದರೆ ಮೂರನೆಯದು ಕಿರಿಕಿರಿ. ‘ತೆಗೆದ್ರೆ’ ಎಂಬಲ್ಲಿ ಅಕ್ಷರವೆಲ್ಲ ಮಾಯವಾಗಿ, ಮುಖ 118ಕ್ಕೆ ಪಕ್ಕನೆ ಹತ್ತಿರವಾಗಲಿ. ಅಲ್ಲಿ ಸದ್ದಿಲ್ಲ, ಅಕ್ಷರವಿಲ್ಲ. ಎಚ್ಚರಿಕೆಯ ಮಾತಿಗೆ ಅವರ ಮುಖಕ್ಕಿಂತ ಬಲವಾದದ್ದು ಬೇರೆ ಬೇಕಿಲ್ಲ.

ಮುಂದಿನ ವಾಕ್ಯ: ‘ವಿ ಆಕಾರದ ಗುಂಡಿ ತೋಡಿ, ಆರು ಇಂಚು ಆಳ, ಗೋಡೆಯಿಂದ ಒಂದೇ ಸಮನಾಗಿ ಮಣ್ಣು ಕೆರೆದು ತೆಗೀರಿ.’ ಇದಕ್ಕೆ ಯಾವ ಝೂಮೂ ಸಾಲದು. ಗುಂಡಿಯನ್ನೇ ತೋರಿಸಬೇಕು. ಅವರ ಮಗ ಹೊಲಕ್ಕೆ ಹೋಗಿ ಗುದ್ದಲಿ, ಗುಂಡಿ, ಕೆರೆಯುವ ಕೈಯನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದ ಹನ್ನೆರಡು ಸೆಕೆಂಡಿನ ತುಣುಕು ಇಡೀ ವಿಡಿಯೊಗೆ ಜೀವ ಕೊಟ್ಟಿತು. ಅದರ ಮೇಲೆ ‘6 ಇಂಚು’ ಎಂದಷ್ಟೇ ಬರೆದದ್ದಾಯಿತು. ಹತ್ತು ಹದಿನೈದು ಕಡೆಯ ಮಣ್ಣನ್ನು ಬಟ್ಟೆಯ ಮೇಲೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಸಾಡುತ್ತಾ ಅರ್ಧ ಕೆ.ಜಿ.ಗೆ ಇಳಿಸುವ ಭಾಗಕ್ಕೂ ಕೈಯ ಚಿತ್ರವೇ ಬೇಕಾಯಿತು. ವಸ್ತು ತೋರಿಸಲು ಸಾಧ್ಯವಿರುವಲ್ಲಿ ಎಫೆಕ್ಟ್ ಹಾಕುವುದು ನೋಡುಗನಿಗೆ ಮಾಡುವ ಮೋಸ ಎಂದೇ ನಾನು ತಿಳಿದಿದ್ದೇನೆ.

ಇದರ ನಂತರ ಅವರು, ರಿಪೋರ್ಟ್ ನೋಡದೆ ವರ್ಷಗಟ್ಟಲೆ ಯೂರಿಯಾ ಸುರಿದ ರೈತರೊಬ್ಬರ ವಿಷಯ ಹೇಳುತ್ತಾರೆ. ಸುಮಾರು ನಲವತ್ತು ಸೆಕೆಂಡ್. ಅವರ ದನಿ ತಾನಾಗಿ ಇಳಿದಿದೆ, ಕೈ ಸುಮ್ಮನಿದೆ. ಅಲ್ಲಿ ನಿಧಾನದ ಝೂಮ್ ಒಂದು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಸುತ್ತಲೂ ಚಲನೆ ಇರುವಾಗ ಈ ನಿಶ್ಚಲತೆಯೂ ಒಂದು ಬದಲಾವಣೆಯೇ.

ಎಲ್ಲೆಲ್ಲಿ ಹಾಕಬೇಕು ಎಂದು ತಿಳಿಯಲು ಕತ್ತರಿಸಿದ ವಿಡಿಯೊವನ್ನು ಒಮ್ಮೆ ನಿಲ್ಲಿಸದೆ ನೋಡುತ್ತಾ, ಮನಸ್ಸು ಎತ್ತಲೋ ಹೋದ ಕ್ಷಣಕ್ಕೆ ಮಾರ್ಕರ್ ಒತ್ತುತ್ತಾ ಹೋಗಿ. ರಿಸಾಲ್ವ್‌ನಲ್ಲಿ ಎಂ ಕೀ ಒತ್ತಿದರೆ ಗುರುತು ಬೀಳುತ್ತದೆ. ಬೇಸರ ಶುರುವಾದದ್ದು ಗುರುತಿಗಿಂತ ಕೆಲವು ಸೆಕೆಂಡ್ ಹಿಂದೆಯೇ, ಆದ್ದರಿಂದ ಅದರ ಹಿಂದಿನ ವಾಕ್ಯದ ಆರಂಭದಲ್ಲಿ ಬದಲಾವಣೆ ತನ್ನಿ. ಅಪ್‌ಲೋಡ್ ಆದ ಮೇಲೆ ಯೂಟ್ಯೂಬ್ ಸ್ಟುಡಿಯೊದ ರಿಟೆನ್ಷನ್ ಗ್ರಾಫ್ ಉಳಿದದ್ದನ್ನು ಹೇಳುತ್ತದೆ. ಗೆರೆ ನಿಧಾನವಾಗಿ ಇಳಿಯುವುದು ಸಹಜ. ದಿಢೀರನೆ ಕುಸಿದಲ್ಲಿ ಜನ ಹಾರಿಸಿದ್ದಾರೆ ಅಥವಾ ಎದ್ದು ಹೋಗಿದ್ದಾರೆ, ಉಬ್ಬಿದಲ್ಲಿ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದಾರೆ. ಕುಸಿತ ಒಂದು ಸದ್ದಿನ ಬೆನ್ನಿಗೇ ಇದ್ದರೆ ಆ ಸದ್ದು ಹೆಚ್ಚಾಯಿತೆಂದು ಅನುಮಾನಿಸಬೇಕು. ‘6 ಇಂಚು’ ಎಂದ ಕಡೆ ಉಬ್ಬಿದ್ದರೆ ಒಳ್ಳೆಯದು ಎನಿಸಬಹುದು, ಆದರೆ ಅಕ್ಷರ ಬೇಗ ಮಾಯವಾಯಿತು ಎಂಬುದೂ ಅದರ ಅರ್ಥವಾಗಿರಬಹುದು. ಪ್ರಕಟವಾದ ವಿಡಿಯೊದ ಜಾಗದಲ್ಲಿ ಹೊಸ ಫೈಲ್ ಇಡಲು ಯೂಟ್ಯೂಬ್ ಬಿಡುವುದಿಲ್ಲ. ಬೇಡದ ಭಾಗವನ್ನು ಟ್ರಿಮ್ ಮಾಡಬಹುದಷ್ಟೆ. ಕಂಡುಕೊಂಡದ್ದು ಉಪಯೋಗಕ್ಕೆ ಬರುವುದು ಮುಂದಿನ ವಿಡಿಯೊಗೆ.

ಗುಂಯ್‌ಗುಡುವ ಕೋಣೆಯ ದನಿಯನ್ನು ಯಾವ ಝೂಮೂ ಉಳಿಸಲಾರದು. ವಾಕ್ಯವೇ ಗೊಂದಲವಾಗಿದ್ದರೂ ಅಷ್ಟೇ. ಪಿ.ಎಚ್. ಅಂಕಿಯನ್ನು ವಿವರಿಸುವಾಗ ಅಧಿಕಾರಿಗಳ ಮಾತು ಸುತ್ತಿಕೊಂಡಿತ್ತು, ಎಲ್ಲಿ ಕತ್ತರಿಸಿದರೂ ಅರ್ಥ ನಿಲ್ಲುತ್ತಿರಲಿಲ್ಲ. ಅದೇ ಅಂಗಿ ಹಾಕಿಕೊಂಡು, ಅದೇ ಹೊತ್ತಿನ ಬೆಳಕಿನಲ್ಲಿ, ಮೊಬೈಲನ್ನು ಅದೇ ದೂರದಲ್ಲಿಟ್ಟು ಆ ಮೂರು ವಾಕ್ಯವನ್ನಷ್ಟೇ ಮತ್ತೆ ಹೇಳಿ ಕಳಿಸಲು ಅವರನ್ನು ಕೇಳಿಕೊಂಡದ್ದಾಯಿತು. ಬಂದ ತುಣುಕನ್ನು 115ಕ್ಕೆ ಹಿಗ್ಗಿಸಿ ನಡುವೆ ಸೇರಿಸಿದ ಮೇಲೆ ಜೋಡಣೆ ಎಲ್ಲಿದೆ ಎಂದು ಗೊತ್ತಾಗಲಿಲ್ಲ.