ಹನ್ನೆರಡು ದಿನಕ್ಕೆ 600 ರೂಪಾಯಿ ಆಗಲ್ಲ: ಚಾಟ್‌ಬಾಟ್ ಬರೆದ ವರ್ಕ್‌ಶೀಟನ್ನು ಪರೀಕ್ಷಿಸುವುದು ಹೇಗೆ?

ಹತ್ತನೇ ತರಗತಿಯ ಒಂದು ಲೆಕ್ಕ ನೋಡಿ. ‘ರಮ್ಯಾ ಮೊದಲ ದಿನ 20 ರೂಪಾಯಿ ಉಳಿಸುತ್ತಾಳೆ. ಆಮೇಲೆ ಪ್ರತಿದಿನ ಹಿಂದಿನ ದಿನಕ್ಕಿಂತ 5 ರೂಪಾಯಿ ಹೆಚ್ಚು ಉಳಿಸುತ್ತಾಳೆ. ಎಷ್ಟು ದಿನಗಳಲ್ಲಿ ಒಟ್ಟು 600 ರೂಪಾಯಿ ಆಗುತ್ತದೆ?’ ಕೀ ಆನ್ಸರ್‌ನಲ್ಲಿ 12 ದಿನ ಅಂತಿದೆ. ಸೂತ್ರ ಸರಿಯಾಗಿದೆ, ಹಂತಗಳು ಅಚ್ಚುಕಟ್ಟಾಗಿವೆ, ಕೊನೆಗೆ ‘ಆದ್ದರಿಂದ’ ಕೂಡ ಇದೆ. ಆದರೆ ಕೂಡಿಸಿ ನೋಡಿದರೆ 12 ದಿನಕ್ಕೆ ಆಗೋದು 570 ರೂಪಾಯಿ, 13 ದಿನಕ್ಕೆ 650. ಈ ಲೆಕ್ಕದಲ್ಲಿ 600 ಅನ್ನೋ ಮೊತ್ತ ಬರುವುದೇ ಇಲ್ಲ.

ಇದನ್ನು ಬರೆದದ್ದು ಒಂದು ಚಾಟ್‌ಬಾಟ್. ಬರೆಸಿದವರು ಚಂದ್ರಾ ಲೇಔಟ್‌ನಲ್ಲಿ ನಮ್ಮ ಪಕ್ಕದ ಬೀದಿಯಲ್ಲಿರುವ ಗಣಿತದ ಮೇಡಂ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ಸಮಾಂತರ ಶ್ರೇಢಿಗೆ ಒಂದು ಪಾಠ ಯೋಜನೆ ಮತ್ತು ಮೂರು ಹಂತದ ವರ್ಕ್‌ಶೀಟ್ ಅವರಿಗೆ ಬೇಕಿತ್ತು. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು, ಸೂತ್ರಗಳ ಜೊತೆ ಇನ್ನೂ ಮಾತುಕತೆ ಇದೆ. ಎರಡು ಸಂಜೆ ಅವರ ಊಟದ ಮೇಜಿನ ಮೇಲೆ ಪಠ್ಯಪುಸ್ತಕ ಹರಡಿಕೊಂಡು, ಚಾಟ್‌ಬಾಟ್ ಕೊಟ್ಟ 18 ಪ್ರಶ್ನೆಗಳನ್ನು ಒಂದೊಂದಾಗಿ ಇಬ್ಬರೂ ನೋಡಿದೆವು.

ಈ ತಪ್ಪು ಯಾಕಾಗುತ್ತದೆ? ಚಾಟ್‌ಬಾಟ್ ಬರೆಯುವುದು ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಅನ್ನೋದನ್ನು ಹಿಡಿದು. ಉಳಿತಾಯದ ಲೆಕ್ಕದಲ್ಲಿ 600 ಅನ್ನೋ ದುಂಡು ಸಂಖ್ಯೆ ಸಹಜವಾಗಿ ಕೂರುತ್ತದೆ, ಹಾಗಾಗಿ ಕೂತುಬಿಟ್ಟಿತು. ಲೆಕ್ಕ ಬರೆಯುವ ಮೇಷ್ಟ್ರು ಹೀಗೆ ಮಾಡಲ್ಲ. ಮೊದಲು ಉತ್ತರ ಆರಿಸಿಕೊಳ್ಳುತ್ತಾರೆ, ಆಮೇಲೆ ಪ್ರಶ್ನೆ ಕಟ್ಟುತ್ತಾರೆ. ಕೆಲವು ಟೂಲ್‌ಗಳು ಈಗ ಹಿಂದೆ ಕೋಡ್ ಓಡಿಸಿ ಲೆಕ್ಕ ಮಾಡುತ್ತವೆ, ಅಲ್ಲಿ ತಪ್ಪು ಕಡಿಮೆ. ಆದರೆ ಪ್ರಿಂಟ್ ತೆಗೆದ ಹಾಳೆ ನೋಡಿ, ಇದು ಲೆಕ್ಕ ಮಾಡಿ ಬರೆದದ್ದೋ ಸುಮ್ಮನೆ ಬರೆದದ್ದೋ ಅಂತ ಹೇಳಲಾಗಲ್ಲ.

ಆದ್ದರಿಂದ ಮೊದಲ ನಿಯಮ, ಕೀ ಆನ್ಸರ್ ಓದಬೇಡಿ. ಓದಿದರೆ ಅದರ ಹಂತಗಳ ಹಿಂದೆ ನಮ್ಮ ಮನಸ್ಸೂ ತಲೆಯಾಡಿಸುತ್ತಾ ಹೋಗುತ್ತದೆ. ಉತ್ತರವನ್ನು ಮಾತ್ರ ತಗೊಂಡು ಪ್ರಶ್ನೆಗೆ ವಾಪಸ್ ಹಾಕಿ ನೋಡಿ. ಮೇಡಂ ಲ್ಯಾಪ್‌ಟಾಪಿನ ಸ್ಪ್ರೆಡ್‌ಶೀಟ್‌ನಲ್ಲಿ ಪದಗಳ ಸಂಖ್ಯೆ, ಮೊದಲ ಪದ, ಸಾಮಾನ್ಯ ವ್ಯತ್ಯಾಸ ಮೂರನ್ನೂ B, C, D ಕಾಲಂಗಳಲ್ಲಿ ಹಾಕಿ, E ಕಾಲಂನಲ್ಲಿ ಇಷ್ಟು ಬರೆದೆವು:

```
=B2/2*(2*C2+(B2-1)*D2)
```

12, 20, 5 ಹಾಕಿದ ತಕ್ಷಣ 570 ಬಂತು. ಮೊತ್ತ ಕಂಡುಹಿಡಿಯುವ ಎಲ್ಲ ಪ್ರಶ್ನೆಗಳಿಗೂ ಇದೊಂದೇ ಸಾಲು ಸಾಕು.

ಆದರೆ ಲೆಕ್ಕ ಸರಿಯಾದರೆ ಕೆಲಸ ಮುಗಿಯಲ್ಲ. ಸಿಲಬಸ್‌ನ ತೊಡಕು ಶುರುವಾಗೋದೇ ಇಲ್ಲಿಂದ.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಗಣಿತದಲ್ಲಿ ವರ್ಗ ಸಮೀಕರಣ ನಾಲ್ಕನೇ ಅಧ್ಯಾಯ, ಸಮಾಂತರ ಶ್ರೇಢಿ ಐದನೆಯದು. ಕರ್ನಾಟಕ ಇದೇ ಗಣಿತವನ್ನು ಅಳವಡಿಸಿಕೊಂಡು ಎರಡು ಭಾಗಗಳಲ್ಲಿ ಮುದ್ರಿಸಿದಾಗ ಕ್ರಮ ಬದಲಾಯಿತು. ಸಮಾಂತರ ಶ್ರೇಢಿ ಮೊದಲ ಅಧ್ಯಾಯವಾಯಿತು, ವರ್ಗ ಸಮೀಕರಣ ಎರಡನೇ ಭಾಗಕ್ಕೆ ಹೋಯಿತು. ಮೇಡಂ ಮೇಜಿನ ಮೇಲಿದ್ದ ಪುಸ್ತಕ ಆ ಕ್ರಮದ್ದು. ಈಗ ರಮ್ಯಾಳ ಲೆಕ್ಕಕ್ಕೆ ಬನ್ನಿ. ಅದನ್ನು ಬಿಡಿಸಿದರೆ n² + 7n − 240 = 0 ಬರುತ್ತದೆ, ಅಂದರೆ ವರ್ಗ ಸಮೀಕರಣ. ಜೂನ್ ತಿಂಗಳಲ್ಲಿ ಮೊದಲ ಪಾಠ ಕಲಿಯುತ್ತಿರುವ ಹುಡುಗನಿಗೆ ವರ್ಗ ಸಮೀಕರಣದ ಸೂತ್ರ ಗೊತ್ತಿರಲ್ಲ. ಅವನ ಹತ್ತಿರ ಇರೋದು ಒಂಬತ್ತನೇ ಕ್ಲಾಸಿನಲ್ಲಿ ಕಲಿತ ಅಪವರ್ತನ, ಮಧ್ಯದ ಪದ ಒಡೆಯುವ ವಿಧಾನ, ಅಷ್ಟೇ. ಅದು ಕೆಲಸ ಮಾಡಬೇಕಾದರೆ ಶೋಧಕ ಪೂರ್ಣ ವರ್ಗವಾಗಿರಬೇಕು. ಇಲ್ಲಿ ಶೋಧಕ 49 + 960, ಅಂದರೆ 1009. 31ರ ವರ್ಗ 961, 32ರದು 1024. ನಡುವೆ ಸಿಕ್ಕಿಹಾಕಿಕೊಂಡಿದೆ. ಹುಡುಗ ಅರ್ಧ ಗಂಟೆ ಒಡೆಯುತ್ತಾ ಕೂತು, ಕೊನೆಗೆ ‘ನಂಗೆ ಗಣಿತ ಬರಲ್ಲ’ ಅಂತ ತೀರ್ಮಾನಿಸುತ್ತಾನೆ. ತಪ್ಪು ಪ್ರಶ್ನೆಯ ಬೆಲೆ ತೆರೋದು ಅವನು.

600ನ್ನು 570 ಮಾಡಿದರೆ ಲೆಕ್ಕ ಸರಿಹೋಗುತ್ತದೆ, (n + 19)(n − 12) ಅಂತ ಒಡೆಯುತ್ತದೆ. ನಾನು ಅಷ್ಟಕ್ಕೇ ಬಿಡುತ್ತಿದ್ದೆ. ಮೇಡಂ ಬಿಡಲಿಲ್ಲ. “228ನ್ನು 19 ಮತ್ತು 12 ಅಂತ ಒಡೆಯೋಕೆ ನಮ್ಮ ಮಕ್ಕಳಿಗೆ ಒಂದು ಪೀರಿಯಡ್ಡೇ ಬೇಕಪ್ಪ. ಇಲ್ಲಿ ನಾನು ಕಲಿಸ್ತಿರೋದು ಶ್ರೇಢಿ, ಮಗ್ಗಿ ಅಲ್ಲ,” ಅಂದರು. ಅವರು ದಿನಕ್ಕೆ 10 ರೂಪಾಯಿ ಹೆಚ್ಚಳ, ಎಂಟು ದಿನ ಅಂತ ಮೊದಲು ತೀರ್ಮಾನಿಸಿ, ಒಟ್ಟು ಮೊತ್ತ 440 ಇಟ್ಟರು. ಆಗ n² + 3n − 88 = 0. ಹನ್ನೊಂದೆಂಟ್ಲಿ ಎಂಬತ್ತೆಂಟು ಯಾರಿಗಾದರೂ ಹೊಳೆಯುತ್ತದೆ. ಇದು ಯಾವ ಸಿಲಬಸ್ ಪಿಡಿಎಫ್‌ನಲ್ಲೂ ಸಿಗದ ತಿಳಿವಳಿಕೆ.

ಎರಡನೇ ತೊಡಕು, ಚಾಟ್‌ಬಾಟ್ ಯಾವ ವರ್ಷದ ಸಿಲಬಸ್ ಓದಿದೆ ಅನ್ನೋದು. ಅದು ಎಲ್ಲ ವರ್ಷದ್ದನ್ನೂ ಓದಿದೆ. ಎನ್‌ಸಿಇಆರ್‌ಟಿಗೆ ಬರುವ ಮೊದಲು ಕರ್ನಾಟಕದ ಹತ್ತನೇ ತರಗತಿಯಲ್ಲಿ ‘ಶ್ರೇಢಿಗಳು’ ಅಂತ ದೊಡ್ಡ ಅಧ್ಯಾಯವಿತ್ತು. ಅದರಲ್ಲಿ ಸಮಾಂತರದ ಜೊತೆ ಗುಣೋತ್ತರ, ಹರಾತ್ಮಕ ಶ್ರೇಢಿಗಳೂ ಇದ್ದವು. ಈಗಿನ ಅಧ್ಯಾಯದಲ್ಲಿ ಸಮಾಂತರ ಮಾತ್ರ. ಆದರೂ ನಮ್ಮ ಮೂರನೇ ಹಂತದ ಪ್ರಶ್ನೆಗಳಲ್ಲಿ 2, 6, 18 ಅಂತ ಗುಣೋತ್ತರದ್ದೊಂದು ನುಸುಳಿತ್ತು. ಸಿಬಿಎಸ್‌ಇ ಕಡೆಯೂ ಇದೇ ಕಥೆ. 2022ರಲ್ಲಿ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಪಠ್ಯ ಕತ್ತರಿಸಿದಾಗ ಹತ್ತನೇ ಗಣಿತದಿಂದ ಯೂಕ್ಲಿಡ್‌ನ ಭಾಗಾಕಾರ ಅನುಪ್ರಮೇಯ, ಶಂಕುವಿನ ಭಿನ್ನಕ, ರಚನೆಗಳ ಅಧ್ಯಾಯ ಹೋದವು. ಇಂಟರ್ನೆಟ್ಟಿನ ಹಳೇ ಪ್ರಶ್ನೆಪತ್ರಿಕೆಗಳಿಂದ ಅವು ಹೋಗಿಲ್ಲ.

ಗಣಿತದಲ್ಲೇ ಹೀಗಾದರೆ ಸಮಾಜ ವಿಜ್ಞಾನ, ಕನ್ನಡದ ಗತಿ ಊಹಿಸಿ. 2022ರ ಪರಿಷ್ಕರಣೆಯಲ್ಲಿ ಸೇರಿದ ಹೆಡ್ಗೆವಾರ್ ಪಾಠವನ್ನು 2023ರ ಜೂನ್‌ನಲ್ಲಿ ಹೊಸ ಸರ್ಕಾರ ಕೈಬಿಟ್ಟಿತು. ಆ ಗಲಾಟೆಯ ಸುದ್ದಿಯೆಲ್ಲ ಚಾಟ್‌ಬಾಟ್‌ನ ಹೊಟ್ಟೆಯಲ್ಲಿದೆ, ಆದರೆ ಈ ವರ್ಷ ಮಗುವಿನ ಬ್ಯಾಗಿನಲ್ಲಿ ಯಾವ ಪುಸ್ತಕ ಇದೆ ಅನ್ನೋದು ಅದಕ್ಕೆ ತಾನಾಗಿ ತಿಳಿಯಲ್ಲ.

ಇದಕ್ಕೆ ಪರಿಹಾರ ಸರಳ, ಸ್ವಲ್ಪ ಬೇಸರದ್ದು. ‘ಕರ್ನಾಟಕ ಹತ್ತನೇ ತರಗತಿ, ಮೊದಲ ಅಧ್ಯಾಯ’ ಅಂತ ಕೇಳಿ ಬಿಟ್ಟುಬಿಡಬಾರದು. ಈ ವರ್ಷದ ಪುಸ್ತಕದ ಪರಿವಿಡಿ, ಆ ಅಧ್ಯಾಯದ ಪುಟಗಳು, ಅಭ್ಯಾಸದ ಪ್ರಶ್ನೆಗಳನ್ನು ಅದಕ್ಕೇ ಕೊಟ್ಟು, ಇದರ ಹೊರಗಿನದು ಬೇಡ ಅಂತ ಹೇಳಬೇಕು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ಯಾವ ಪುಟದ ಯಾವ ಉದಾಹರಣೆಗೆ ಹೊಂದುತ್ತದೆ ಅಂತ ಬರೆಸಬೇಕು. ಆಮೇಲೆ ಆ ಪುಟವನ್ನು ನಾವೇ ತೆರೆದು ನೋಡಬೇಕು, ಯಾಕಂದರೆ ಪುಟದ ಸಂಖ್ಯೆಯನ್ನೂ ಅದು ಹುಟ್ಟಿಸಿ ಹೇಳಬಲ್ಲದು. ಪುಸ್ತಕ ಕೊಟ್ಟಿದ್ದರಿಂದ ಇನ್ನೊಂದು ಲಾಭವೂ ಆಯಿತು. ಮೊದಲ ಸಲ ಅದು ಇಂಗ್ಲಿಷ್‌ನಿಂದ ನೇರ ಎತ್ತಿದ ಹಾಗೆ ‘ಅಂಕಗಣಿತ ಪ್ರಗತಿ’ ಅಂತ ಬರೆದಿತ್ತು. ಪರೀಕ್ಷೆಯಲ್ಲಿ ‘ಸಮಾಂತರ ಶ್ರೇಢಿ’ ನೋಡುವ ಮಗುವಿಗೆ ಇದು ಬೇರೆಯದೇ ಪಾಠ ಅನ್ನಿಸುತ್ತದೆ. ಇಂಗ್ಲಿಷ್ ಮಾಧ್ಯಮದ ಶಿಕ್ಷಕರಿಗೆ ಈ ಕಾಟವೇ ಇಲ್ಲ ಅನ್ನೋದನ್ನು ಗಮನಿಸಿ.

ಇನ್ನು ಹಂತಗಳ ವಿಷಯ. ಚಾಟ್‌ಬಾಟ್‌ನ ಸುಲಭ ಪ್ರಶ್ನೆ 3, 7, 11 ಶ್ರೇಢಿಯ 7ನೇ ಪದ ಕೇಳಿತ್ತು. ಮಧ್ಯಮದ್ದು 70ನೇ ಪದ. ಕಠಿಣದ್ದು 700ನೇ ಪದ. ಮೂರರಲ್ಲೂ ಮಗು ಯೋಚಿಸೋದು ಒಂದೇ ಹೆಜ್ಜೆ, ಗುಣಾಕಾರ ಮಾತ್ರ ಉದ್ದ. ಹಂತ ಏರಬೇಕಾದ್ದು ಯೋಚನೆಯಲ್ಲಿ. ಮೇಡಂ ಮಾಡಿದ ಬದಲಾವಣೆ ಹೀಗಿತ್ತು. ಮೊದಲ ಹಂತಕ್ಕೆ ಆ 7ನೇ ಪದವೇ ಉಳಿಯಿತು. ಎರಡನೆಯದಕ್ಕೆ ತಿರುಗುಮುರುಗು: 5, 11, 17 ಶ್ರೇಢಿಯಲ್ಲಿ 301 ಬರುತ್ತದೆಯೇ? 301ರಿಂದ 5 ಕಳೆದರೆ 296, ಅದು 6ರಿಂದ ಭಾಗವಾಗಲ್ಲ, ಹಾಗಾಗಿ ಬರಲ್ಲ. ರಮ್ಯಾಳ ಲೆಕ್ಕದಲ್ಲಿ ಪೂರ್ಣಸಂಖ್ಯೆ ಸಿಗದಿರುವುದು ಪ್ರಶ್ನೆಯ ದೋಷ, ಇಲ್ಲಿ ಅದೇ ಉತ್ತರ. ಮೂರನೆಯದಕ್ಕೆ: 4ನೇ ಪದ 17, 9ನೇ ಪದ 42, ಮೊದಲ ಪದ ಎಷ್ಟು? ಎರಡು ಸಮೀಕರಣ ಬಿಡಿಸುವ ಪಾಠ ಇನ್ನೂ ಆಗಿಲ್ಲದಿದ್ದರೂ ಪರವಾಗಿಲ್ಲ. ಐದು ಹೆಜ್ಜೆಗೆ 25 ಏರಿದೆ, ಹೆಜ್ಜೆಗೆ 5, ಮೂರು ಹೆಜ್ಜೆ ಹಿಂದೆ ಹೋದರೆ 2.

ಪಾಠ ಯೋಜನೆಯ ಬಗ್ಗೆ ಹೆಚ್ಚು ಹೇಳೋದಿಲ್ಲ. ತೊಡಗಿಸುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಅನ್ನೋ ಐದು ಹಂತಗಳ ಚೌಕಟ್ಟು ಅದಕ್ಕೆ ಬಾಯಿಪಾಠ. ಆದರೆ ಪ್ರತಿ ಹಂತದ ನಿಮಿಷ ಕೂಡಿಸಿದರೆ 65 ಬಂತು, ಪೀರಿಯಡ್ಡು 40 ನಿಮಿಷದ್ದು. ಪ್ರೊಜೆಕ್ಟರ್ ವಿಡಿಯೋ ತೆಗೆದು, ಬೆಂಕಿಕಡ್ಡಿಯಲ್ಲಿ ಸಾಲಾಗಿ ತ್ರಿಭುಜ ಜೋಡಿಸುವ ಚಟುವಟಿಕೆ ಉಳಿಸಿಕೊಂಡರು. ಒಂದಕ್ಕೆ 3 ಕಡ್ಡಿ, ಎರಡಕ್ಕೆ 5, ಮೂರಕ್ಕೆ 7. ಎರಡು ಬೆಂಕಿಪೊಟ್ಟಣದಲ್ಲಿ ಇಡೀ ಕ್ಲಾಸಿಗಾಯಿತು.

ಈ ಪರಿಶೀಲನೆಯ ಕೆಲಸ ಯಾರದು ಅನ್ನೋದು ನನ್ನನ್ನು ಕಾಡುವ ಪ್ರಶ್ನೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸೇರಿ ‘ಶಿಕ್ಷಾ ಕೋಪೈಲಟ್’ ಅನ್ನೋ ಪಾಠ ಯೋಜನೆಯ ಟೂಲ್ ತಂದಿವೆ. ಅದರ ಅಧ್ಯಯನದಲ್ಲಿ ಒಳಗೊಂಡವರು 1,043 ಶಿಕ್ಷಕರು ಮತ್ತು 23 ಕ್ಯುರೇಟರ್‌ಗಳು. ಅಂದರೆ ಎಐ ಜೊತೆ ಕೂತು ಕನ್ನಡ ಮತ್ತು ಇಂಗ್ಲಿಷ್ ಯೋಜನೆಗಳನ್ನು ಮೊದಲು ಸಿದ್ಧಪಡಿಸಲು ಮನುಷ್ಯರಿದ್ದರು, ಆಮೇಲೆ ಶಿಕ್ಷಕರು ತಮ್ಮ ತರಗತಿಗೆ ಬೇಕಾದಂತೆ ಬದಲಿಸಿಕೊಂಡರು. ಹೊರೆ ಕಡಿಮೆಯಾಯಿತು ಅಂತ ಅಧ್ಯಯನ ಹೇಳುತ್ತದೆ. ಶಿಕ್ಷಕರ ಕೊರತೆ, ಆಡಳಿತದ ಕೆಲಸಗಳು ದೊಡ್ಡ ಬದಲಾವಣೆಗೆ ಅಡ್ಡಿಯಾದವು ಅಂತಲೂ ಹೇಳುತ್ತದೆ.

ಫೋನಿನಲ್ಲಿ ಉಚಿತ ಚಾಟ್‌ಬಾಟ್ ತೆರೆಯುವ ಶಿಕ್ಷಕಿಗೆ ಆ ಮಧ್ಯದ ಜನ ಇಲ್ಲ. 18 ಪ್ರಶ್ನೆಗಳಲ್ಲಿ 11 ಹಾಗೇ ಉಳಿದವು, ನಾಲ್ಕನ್ನು ತಿದ್ದಬೇಕಾಯಿತು, ಮೂರನ್ನು ಬಿಸಾಕಿದೆವು. ಬರೆಸೋಕೆ ಹಿಡಿದದ್ದು ಐದೇ ನಿಮಿಷ. ನೋಡೋಕೆ ಎರಡು ಸಂಜೆ. ಶಾಲೆಯ ಟೈಮ್‌ಟೇಬಲ್‌ನಲ್ಲಿ ಐದು ನಿಮಿಷಕ್ಕೆ ಜಾಗ ಸಿಕ್ಕೀತು. ಆ ಎರಡು ಸಂಜೆಗಳಿಗೆ ಯಾವ ಕಾಲಂ ಇದೆ ಅಂತ ಕೇಳಿದ್ದಕ್ಕೆ ಮೇಡಂ ನಕ್ಕು, ತಿದ್ದಿದ ಹಾಳೆ ಮಡಚಿಕೊಂಡು ಜೆರಾಕ್ಸ್ ಅಂಗಡಿ ಮುಚ್ಚುವ ಮೊದಲು ಹೊರಟರು.