ಯಜಮಾನಿಯ ನಂತರ ಯಾರು?

ಮನೆಯ ಹಿರಿಯಳು ಇಲ್ಲವಾದರೆ ಮುಂದಿನ ಯಜಮಾನಿ ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳಿಂದ ಈ ಪ್ರಶ್ನೆಯನ್ನು ಕಡಜಗಳಿಗೆ ಕೇಳುತ್ತಿದ್ದಾರೆ.

ಅವರು ಅಭ್ಯಸಿಸುವ ರೋಪಾಲಿಡಿಯಾ ಮಾರ್ಜಿನೇಟಾ ನಮ್ಮ ಕಿಟಕಿ, ಸೂರುಗಳಲ್ಲೇ ಗೂಡು ಕಟ್ಟುವ ಕಡಜ. ಇದರ ರಾಣಿ ಬಲು ಸಾಧು, ಯಾರನ್ನೂ ಕಚ್ಚಿ ಗದರಿಸುವುದಿಲ್ಲ. ಅವಳನ್ನು ಗೂಡಿನಿಂದ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರ್ತಿಯೊಬ್ಬಳು ಉಗ್ರಳಾಗಿ, ಉಳಿದವರ ಮೇಲೆ ಏರಿಹೋಗುತ್ತಾಳೆ. ಕೆಲವು ದಿನಗಳಲ್ಲಿ ಶಾಂತಳಾಗಿ ಮೊಟ್ಟೆಯಿಡುತ್ತಾಳೆ. ಆಕೆ ಯಾರಾಗುತ್ತಾಳೆಂದು ಮೊದಲೇ ಹೇಳಲು ವಿಜ್ಞಾನಿಗಳಿಗೆ ಆಗಲಿಲ್ಲ. ವಯಸ್ಸು, ಗಾತ್ರ, ನಡವಳಿಕೆ ಯಾವುದೂ ನಂಬಿಕೆಯ ಸುಳಿವಾಗಲಿಲ್ಲ.

ಹಾಗಾದರೆ ಕಡಜಗಳಿಗೆ ಗೊತ್ತೇ? ಅನಿಂದಿತಾ ಭದ್ರಾ ಜೊತೆ ಅವರು ಗೂಡನ್ನು ಎರಡು ಹೋಳು ಮಾಡಿ ನಡುವೆ ಜಾಲರಿ ಇಟ್ಟರು. ರಾಣಿಯಿಲ್ಲದ ಕಡೆ ಒಬ್ಬಳು ಉಗ್ರಳಾದಳು. ಆಮೇಲೆ ಅವಳನ್ನೂ ರಾಣಿಯನ್ನೂ ಅದಲುಬದಲು ಮಾಡಿದರು. ಕೆಲವೊಮ್ಮೆ ಆ ಬದಿಯವರೂ ಅವಳನ್ನೇ ಒಪ್ಪಿಕೊಂಡರು. ಇನ್ನು ಕೆಲವೊಮ್ಮೆ ಅಲ್ಲಿ ಬೇರೊಬ್ಬಳು ಮೇಲೆದ್ದಳು, ಮೊದಲಿನವಳು ಹಿಂದೆ ಸರಿದಳು. ಮೂರನೆಯವಳು ಎಂದೂ ಬರಲಿಲ್ಲ. ನನಗೆ ಬೆರಗಾಗುವುದು ಇಲ್ಲೇ: ನಿಜವಾದ ವಾರಸುದಾರಳನ್ನು ಯಾರೂ ಎದುರಿಸಲಿಲ್ಲ. ಕಡಜಗಳಿಗೆ ಮೊದಲೇ ಗೊತ್ತಿತ್ತೆಂದು ಅವರು ತೀರ್ಮಾನಿಸಿದ್ದು ಇದರಿಂದಲೇ.